ಪರಕಾಯ ಪ್ರವೇಶವೂ ಸತ್ಯವ್ರತವೂ

ಕವಿಯೊಬ್ಬನು ಕಾವ್ಯದಲ್ಲಿ 'ನಾನು' ಎಂದು ಬರೆಯುತ್ತಾನೆ. ಆದರೆ ಆ 'ನಾನು' ಅವನಲ್ಲ. ಅದು ಒಬ್ಬ ನೇಕಾರನಿರಬಹುದು, ಒಬ್ಬ ವಿಧವೆಯಿರಬಹುದು, ರಾತ್ರಿಯ ಕೊನೆಯ ಬಸ್ಸಿನಲ್ಲಿ ನಿಂತು ನಿಂತು ಕಾಲು ಸೋತ ಕಂಡಕ್ಟರನಿರಬಹುದು. ಮಹಾವೀರ ಜಯಂತಿಯ ಕವಿಗೋಷ್ಠಿಗಳಲ್ಲಿ, ಬಸದಿಗಳ ಸ್ಮರಣ ಸಂಚಿಕೆಗಳಲ್ಲಿ ಇಂತಹ ಕವಿತೆಗಳು ಅಪರೂಪವಲ್ಲ. ವಿಮರ್ಶಕರು ಇದನ್ನು ಪರಕಾಯ ಪ್ರವೇಶವೆಂದು ಕರೆದು, ಕೌಶಲದ ಪ್ರಶ್ನೆಯೆಂದು ಭಾವಿಸಿ ಮುಂದೆ ಸಾಗುತ್ತಾರೆ. ಆದರೆ ಸತ್ಯವನ್ನು ಅಣುವ್ರತವಾಗಿ ಸ್ವೀಕರಿಸಿದ ಶ್ರಾವಕನಿಗೆ ಅಲ್ಲಿ ಇನ್ನೊಂದು ಪ್ರಶ್ನೆ ಏಳುವುದು ಸಹಜ. ತಾನಲ್ಲದವನ ಬಾಯಿಂದ 'ನಾನು' ಎಂದು ಆಡಿಸುವುದು ಅಸತ್ಯವಾಗುವುದಿಲ್ಲವೇ?

ಈ ಪ್ರಶ್ನೆಗೆ ಆಗುತ್ತದೆ ಎಂದಾಗಲಿ ಇಲ್ಲ ಎಂದಾಗಲಿ ಒಂದೇ ಮಾತಿನ ಉತ್ತರವಿಲ್ಲ. ಜೈನಾಚಾರ್ಯರು ಅಸತ್ಯವನ್ನು ನಿರೂಪಿಸುವಾಗ ಬರಿಯ ಶಬ್ದವನ್ನು ನೋಡಲಿಲ್ಲ. ಶಬ್ದದ ಹಿಂದಿರುವ ಪ್ರಮಾದವನ್ನು ನೋಡಿದರು. ಎಚ್ಚರಗೇಡಿತನದಿಂದ, ಕಷಾಯದ ವಶನಾಗಿ ಆಡಿದ ಅಯಥಾರ್ಥ ವಚನವೇ ಅಸತ್ಯ. ಕವಿತೆಯನ್ನು ಓದುವವನಿಗೆ ಇದು ಕವಿಯ ಆತ್ಮವೃತ್ತಾಂತವಲ್ಲ, ಒಬ್ಬ ಕಂಡಕ್ಟರನ ಮಾತಿನ ರೂಪದಲ್ಲಿರುವ ರಚನೆ ಎಂಬುದು ತಿಳಿದೇ ಇರುತ್ತದೆ. ಅಲ್ಲಿ ವಂಚನೆಯಿಲ್ಲ. ಆದ್ದರಿಂದ ವೇಷವನ್ನು ಧರಿಸಿದ ಮಾತ್ರಕ್ಕೆ ವ್ರತಭಂಗವಾಗದು. ಆದರೆ ಹತ್ತನೆಯ ಶತಮಾನದ ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಅಸತ್ಯವನ್ನು ನಾಲ್ಕು ಬಗೆಯಾಗಿ ವಿಭಾಗಿಸಿದ್ದಾರೆ. ಇರುವುದನ್ನು ಇಲ್ಲವೆನ್ನುವುದು ಮೊದಲನೆಯದು, ಇಲ್ಲದುದನ್ನು ಇದೆಯೆನ್ನುವುದು ಎರಡನೆಯದು. ಮೂರನೆಯದು, ಇರುವ ವಸ್ತುವನ್ನೇ ಬೇರೊಂದು ರೂಪದಲ್ಲಿ ಹೇಳುವುದು, ಗೋವನ್ನು ಕುದುರೆಯೆಂದಂತೆ. ನಿಂದೆ, ಕಠೋರ ವಚನ, ಹಿಂಸೆಗೆ ಪ್ರೇರಿಸುವ ಮಾತು ಇವೆಲ್ಲ ನಾಲ್ಕನೆಯದರಲ್ಲಿ ಸೇರುತ್ತವೆ. ಪರಕಾಯ ಪ್ರವೇಶದ ಕವಿತೆ ಕೆಡುವುದು ಬಹುಮಟ್ಟಿಗೆ ಈ ಮೂರನೆಯ ಬಗೆಯಲ್ಲಿ. ದಣಿವು ಇದೆ, ಆದರೆ ಅದು ಕವಿಯ ದಣಿವು. ಅದಕ್ಕೆ ಕಂಡಕ್ಟರನ ಖಾಕಿ ಅಂಗಿ ತೊಡಿಸಲಾಗಿದೆ. ಗೋವು ಇದೆ, ಹೆಸರು ಮಾತ್ರ ಕುದುರೆಯದು.

ಈ ವಿಷಯವನ್ನು ವಿಚಾರಿಸಲು ಕೋಲಾರದ ನೆಲಕ್ಕಿಂತ ಅನುಕೂಲವಾದುದು ಕಡಿಮೆ. ಗಂಗರ ಮೊದಲ ರಾಜಧಾನಿ ಕುವಲಾಲಪುರವಾಗಿದ್ದ ಈ ಸೀಮೆಯನ್ನು ಸಿಂಹನಂದಿ ಆಚಾರ್ಯರ ಹೆಸರಿನೊಂದಿಗೆ ಜೈನರು ಸ್ಮರಿಸುತ್ತ ಬಂದಿದ್ದಾರೆ. ಅದು ಬೇರೆ ಕಥೆ. ಇಲ್ಲಿ ಪ್ರಕೃತವಾದುದು ಈ ಜಿಲ್ಲೆಯ ಇಬ್ಬರು ಲೇಖಕರು, ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಮತ್ತು ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಇಬ್ಬರೂ ಅನ್ಯರ ಬಾಯಿಂದ ಮಾತನಾಡಿದವರು. ಆದರೆ ಇಬ್ಬರ ದಾರಿ ಒಂದೇ ಅಲ್ಲ.

1943ರಲ್ಲಿ ಪ್ರಕಟವಾದ 'ಮಂಕುತಿಮ್ಮನ ಕಗ್ಗ'ದ ಮುಕ್ತಕಗಳಿಗೆಲ್ಲ ಅಂಕಿತ ಮಂಕುತಿಮ್ಮನದು. ಹೆಸರು ಕೇಳಿದರೆ ಮಂದಬುದ್ಧಿಯ ಹಳ್ಳಿಗನೊಬ್ಬ ಕಣ್ಮುಂದೆ ನಿಲ್ಲಬೇಕು. ಆದರೆ ಪದ್ಯಗಳೊಳಗಿನ ವಿಚಾರಕ್ಕೆ ಉಪನಿಷತ್ತಿನ ಪರಿಚಯವಿದೆ, ಪಾಶ್ಚಾತ್ಯ ತತ್ತ್ವದ ಪರಿಚಯವೂ ಇದೆ. ಹಾಗಾದರೆ ಗುಂಡಪ್ಪನವರು ವೇಷ ಜಾರಿದರೆಂದು ಹೇಳಬಹುದೇ? ಹೇಳಲಾಗದು. ಏಕೆಂದರೆ ಅವರು ತಿಮ್ಮನೆಂಬ ಒಬ್ಬ ವ್ಯಕ್ತಿಯ ಜೀವನವನ್ನು ಒಳಗಿನಿಂದ ತೋರಿಸುವೆನೆಂದು ಓದುಗನಿಗೆ ಮಾತು ಕೊಟ್ಟಿರಲಿಲ್ಲ. ತಿಮ್ಮ ಅಲ್ಲಿ ಹೆಸರಿನ ಮುಖವಾಡ ಮಾತ್ರ. ಉಪದೇಶಿಸುವವನ ಅಹಂಕಾರವನ್ನು ತಗ್ಗಿಸಲು ತೊಟ್ಟದ್ದು. ತನ್ನನ್ನು ಮಂಕನೆಂದು ಕರೆದುಕೊಂಡು ಮಾತನಾಡುವವನು ಎದುರಿನವನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತಾನೆ. ಮುಖವಾಡ ತೆಳುವೆಂಬುದು ಓದುಗನಿಗೂ ಕವಿಗೂ ತಿಳಿದಿದೆ, ಇಬ್ಬರೂ ಒಪ್ಪಿದ್ದಾರೆ. ಕವಿ ಓದುಗನಿಗೆ ಯಾವ ಮಾತು ಕೊಟ್ಟಿದ್ದಾನೋ ಅದರಂತೆ ನಡೆದನೇ ಎಂಬುದನ್ನು ಇಲ್ಲಿ ನೋಡಬೇಕು.

ಮಾಸ್ತಿಯವರದು ಇನ್ನೊಂದು ದಾರಿ. 'ಮೊಸರಿನ ಮಂಗಮ್ಮ' ಎಂಬ ಕಥೆಯನ್ನು ಪಾಠಪುಸ್ತಕದಲ್ಲಾದರೂ ಓದದ ಕನ್ನಡಿಗರು ಕಡಿಮೆ. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ತಂದು ವರ್ತನೆಗೆ ಹಾಕುವ ಮಂಗಮ್ಮ ತನ್ನ ಸೊಸೆಯೊಡನೆ ನಡೆದ ಜಗಳ, ಬೇರೆಯಾದುದು, ಮೊಮ್ಮಗನಿಗಾಗಿ ಕರಗಿದುದು ಇವನ್ನೆಲ್ಲ ಹೇಳಿಕೊಳ್ಳುತ್ತಾಳೆ. ಹೇಳಿಕೊಳ್ಳುವುದು ಮೊಸರು ಕೊಳ್ಳುವ ಮನೆಯ ಗೃಹಿಣಿಯೊಡನೆ. ಕಥೆಯ ನಿರೂಪಕಿಯೂ ಆ ಗೃಹಿಣಿಯೇ. ಸರ್ಕಾರದ ಉನ್ನತ ಅಧಿಕಾರಿಯಾಗಿದ್ದ ಪುರುಷ ಲೇಖಕನೊಬ್ಬ ಮೊದಲು ಒಬ್ಬ ಮಧ್ಯಮ ವರ್ಗದ ಹೆಣ್ಣಾಗಿ, ಅವಳ ಕಿವಿಯ ಮೂಲಕ ಒಬ್ಬ ಹಳ್ಳಿಯ ಹೆಣ್ಣಾಗಿ, ಹೀಗೆ ಎರಡು ಹೊಸ್ತಿಲು ದಾಟಿದ್ದಾನೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮಂಗಮ್ಮ ತನಗಾದುದನ್ನು ಹೇಳುತ್ತಾಳೆ, ತಾನು ಮಖಮಲ್ಲಿನ ರವಿಕೆ ಹೊಲಿಸಿಕೊಂಡುದನ್ನು ಹೇಳುತ್ತಾಳೆ. ಅತ್ತೆ ಸೊಸೆಯರ ಅಧಿಕಾರದ ಪೈಪೋಟಿಯೆಂಬ ಸಾಮಾನ್ಯ ಸೂತ್ರವನ್ನು ಕಟ್ಟುವ ಕೆಲಸ ಅವಳದಲ್ಲ. ಅಂತಹ ವಿಚಾರಕ್ಕೆ ಅವಕಾಶ ಬೇಕಾದಾಗ ಅದು ಕೇಳುವ ಗೃಹಿಣಿಯ ಪಾಲಿಗೆ ಹೋಗುತ್ತದೆ. ಲೇಖಕನಿಗೆ ಒಂದು ಅಭಿಪ್ರಾಯವಿತ್ತು, ಅದನ್ನು ಹೇಳುವ ಆಸೆಯೂ ಇತ್ತು. ಆ ಆಸೆಯನ್ನು ಅವನು ಮಂಗಮ್ಮನ ತಲೆಯ ಮೇಲೆ ಮೊಸರಿನ ಗಡಿಗೆಯ ಜೊತೆಗೆ ಹೇರಲಿಲ್ಲ. ಅದನ್ನು ಹೊರಬಲ್ಲವಳೊಬ್ಬಳನ್ನು ಪಕ್ಕದಲ್ಲಿ ಕೂರಿಸಿದನು.

ಜೈನ ಕಾವ್ಯಪರಂಪರೆಯಲ್ಲಿ ಮೂರನೆಯ ದಾರಿಯೊಂದಿದೆ. ಜನ್ನನ 'ಯಶೋಧರ ಚರಿತೆ'ಯಲ್ಲಿ (1209) ಬಲಿಪೀಠದ ಮುಂದೆ ನಿಂತ ಬಾಲಕ ಅಭಯರುಚಿ ಮಾರಿದತ್ತನಿಗೆ ತನ್ನ ಭವಾವಳಿಯನ್ನು ತಿಳಿಸುತ್ತಾನೆ. ರಾಜನಾಗಿದ್ದ ಜೀವ ನವಿಲಾಯಿತು, ಮೀನಾಯಿತು, ಆಡಾಯಿತು, ಕೋಳಿಯಾಯಿತು. ಆಡಿನ ವೇದನೆಯನ್ನು ಆಡು ಹೇಳಲಾರದು. ಆದರೆ ಆಡಾಗಿದ್ದು, ಈಗ ಮನುಷ್ಯನಾಗಿ, ಅದನ್ನು ನೆನೆಯಬಲ್ಲವನು ಹೇಳಬಲ್ಲನು. ಆಗ ಅನುಭವಿಸಿದವನೂ ಈಗ ಅರಿತವನೂ ಒಬ್ಬನೇ ಜೀವ. ಅರಿವು ಅನುಭವಕ್ಕಿಂತ ಹೆಚ್ಚಿದ್ದರೂ ಅಲ್ಲಿ ಅಸತ್ಯವಿಲ್ಲ, ಏಕೆಂದರೆ ಆ ಹೆಚ್ಚು ಎಲ್ಲಿಂದ ಬಂತೆಂಬುದನ್ನು ಕಾವ್ಯವೇ ತೋರಿಸಿದೆ. ಇದೇ ಕಾವ್ಯದ ಇನ್ನೊಂದು ಪ್ರಸಂಗವನ್ನೂ ಇಲ್ಲಿ ನೆನೆಯಬೇಕು. ಯಶೋಧರ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅದಕ್ಕೆ ಜೀವವಿರಲಿಲ್ಲ. ಆದರೂ ಸಂಕಲ್ಪದಿಂದ ಬಂಧವಾಯಿತು, ಕಡಿದಾಗ ಆ ಹಿಟ್ಟಿನ ಕೋಳಿ ಕೂಗಿತೆಂದು ಕಾವ್ಯ ಹೇಳುತ್ತದೆ. ಕವಿ ಕಟ್ಟುವ ಕಂಡಕ್ಟರನೂ ಅಕ್ಷರದಲ್ಲಿ ಮಾಡಿದ ಗೊಂಬೆಯೇ. ನಿಜವಾದ ಯಾವ ಕಂಡಕ್ಟರನಿಗೂ ಅದರಿಂದ ನೋವಾಗದು ಎಂದು ವಾದಿಸಬಹುದು. ಯಶೋಧರ ಚರಿತೆಯನ್ನು ಓದಿಕೊಂಡು ಬೆಳೆದವರ ಮುಂದೆ ಆ ವಾದ ಬಹಳ ದೂರ ಹೋಗದು.

ಈಗ ಕಂಡಕ್ಟರನ ಕವಿತೆಗೆ ಬರಬಹುದು. ಕೋಲಾರದ ಒಬ್ಬ ಕವಿಯನ್ನು ಊಹಿಸಿಕೊಳ್ಳೋಣ. ಶ್ರದ್ಧಾವಂತ ಶ್ರಾವಕ, ಓದಿದವ, ಸಜ್ಜನ. ಕೋಲಾರದಿಂದ ಮುಳಬಾಗಿಲಿನ ಮೇಲೆ ನಂಗಲಿಯ ಕಡೆಗೆ ಹೋಗುವ ರಾತ್ರಿಯ ಬಸ್ಸಿನಲ್ಲಿ ಅವನು ಆಗಾಗ ಪ್ರಯಾಣ ಮಾಡುತ್ತಾನೆ. ಕಂಡಕ್ಟರನ ಸೋತ ಮುಖ ಅವನ ಮನಸ್ಸಿನಲ್ಲಿ ಉಳಿಯುತ್ತದೆ. ಮನೆಗೆ ಬಂದು ಕಂಡಕ್ಟರನೇ ಮಾತನಾಡುವಂತೆ ಬರೆಯಲು ಕೂರುತ್ತಾನೆ. ಅವನಿಗೆ ತಿಮ್ಮನಂತಹ ತೆಳು ಮುಖವಾಡದ ಒಪ್ಪಂದವಿಲ್ಲ, ವಿಚಾರವನ್ನು ವಹಿಸಿಕೊಡಲು ಪಕ್ಕದಲ್ಲಿ ಗೃಹಿಣಿಯಿಲ್ಲ, ಜಾತಿಸ್ಮರಣೆಯೂ ಇಲ್ಲ. ಮಾತನಾಡುವವನು ಕಂಡಕ್ಟರ್ ಒಬ್ಬನೇ, ಮಾತನಾಡುತ್ತಿರುವುದು ಈಗ. ಇದು ಮೂರಕ್ಕಿಂತಲೂ ಕಠಿನವಾದ ದಾರಿ. ಅವನ ಮೊದಲ ಕರಡು ಹೀಗಿರುತ್ತದೆಂದು ಭಾವಿಸಬಹುದು:

ಬಂಡಿ ಓಡುತಿದೆ ಅನಾದಿ ಕಾಲದಿಂದ,
ಏರುವುದು ಇಳಿಯುವುದು ಜೀವರಾಶಿ;
ನಾನು ಹಂಚುವುದು ಕರ್ಮದ ಚೀಟಿ,
ನನ್ನ ನಿಲ್ದಾಣವೋ ನಾನರಿಯೆನು.

ಕವಿಗೋಷ್ಠಿಯಲ್ಲಿ ಓದಿದರೆ ಇದಕ್ಕೆ ಚಪ್ಪಾಳೆ ಬೀಳುತ್ತದೆ. ಸಿದ್ಧಾಂತದಲ್ಲಿಯೂ ತಪ್ಪಿಲ್ಲ. ಆದರೆ ಕೊನೆಯ ಸಾಲನ್ನು ನಿಧಾನವಾಗಿ ನೋಡಬೇಕು. ಬಸ್ಸಿನಲ್ಲಿರುವ ಐವತ್ತು ಅರವತ್ತು ಜನರಲ್ಲಿ ಪ್ರತಿಯೊಂದು ನಿಲ್ದಾಣವನ್ನೂ ಬಲ್ಲವನು ಯಾರು? ಯಾರು ಎಲ್ಲಿ ಹತ್ತಿದರು, ಎಲ್ಲಿಗೆ ಟಿಕೆಟ್ ಪಡೆದರು, ಮುಂದಿನ ಸ್ಟೇಜು ಯಾವುದು, ತಾನು ರಾತ್ರಿ ಎಲ್ಲಿ ಮಲಗಬೇಕು, ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು, ಇವೆಲ್ಲವನ್ನೂ ಬಲ್ಲವನು ಕಂಡಕ್ಟರನೇ. ನಿಲ್ದಾಣವನ್ನು ಅರಿಯದವನು ಕಿಟಕಿಯ ಪಕ್ಕ ಕುಳಿತು ಯೋಚಿಸುತ್ತಿದ್ದ ಪ್ರಯಾಣಿಕ, ಅಂದರೆ ಕವಿ. ಒಂದೇ ಸಾಲಿನಲ್ಲಿ ಕಂಡಕ್ಟರ್ ಇಳಿದುಹೋಗಿದ್ದಾನೆ, ಅವನ ಸೀಟಿಯನ್ನು ಕವಿ ಊದುತ್ತಿದ್ದಾನೆ.

ನಯವಾದದ ಪರಿಚಯವಿರುವವರಿಗೆ ಇದನ್ನು ಇನ್ನೂ ಸ್ಪಷ್ಟವಾಗಿ ಹೇಳಬಹುದು. ಭಿನ್ನ ಭಿನ್ನವಾದ ವಸ್ತುಗಳನ್ನು ಅವುಗಳ ಸಮಾನ ಧರ್ಮದಿಂದ ಒಂದಾಗಿ ಗ್ರಹಿಸುವುದು ಸಂಗ್ರಹ ನಯ. ಹಿಂದು ಮುಂದುಗಳನ್ನು ಬಿಟ್ಟು ವರ್ತಮಾನದ ಪರ್ಯಾಯವನ್ನು ಮಾತ್ರ ಗ್ರಹಿಸುವುದು ಋಜುಸೂತ್ರ ನಯ. ಪ್ರಯಾಣಿಕರೆಲ್ಲರನ್ನೂ 'ಜೀವರಾಶಿ' ಎಂದು ಕಾಣುವುದು ಸಂಗ್ರಹ ನಯದ ದೃಷ್ಟಿ. ಕಿಟಕಿಯ ಬಳಿ ಬಿಡುವಾಗಿ ಕುಳಿತವನಿಗೆ ಆ ದೃಷ್ಟಿ ಸುಲಭ. ರಾತ್ರಿ ಒಂಬತ್ತು ಗಂಟೆಗೆ, ನೂಕುನುಗ್ಗಲಿನಲ್ಲಿ, ಕೈಯಲ್ಲಿ ಟಿಕೆಟ್ ಯಂತ್ರ ಹಿಡಿದು, ಹಿಂದಿನ ಬಾಗಿಲಿನಲ್ಲಿ ಹತ್ತಿದ ಇಬ್ಬರು ಯಾರೆಂದು ಹುಡುಕುತ್ತಿರುವವನಿಗೆ ಪ್ರಯಾಣಿಕರು ಒಂದಾಗಿ ಕಾಣುವುದೇ ಇಲ್ಲ. ಒಬ್ಬೊಬ್ಬರೂ ಬೇರೆ ಬೇರೆ ಲೆಕ್ಕ. ಅವನ ನಯ ಋಜುಸೂತ್ರ. ಎರಡು ನಯಗಳಲ್ಲಿ ಯಾವುದೂ ಮಿಥ್ಯೆಯಲ್ಲ. ಒಂದನ್ನು ಹೇಳಿದಂತೆ ತೋರಿಸಿ ಇನ್ನೊಂದನ್ನು ಹೇಳುವುದರಲ್ಲಿ ದೋಷವಿದೆ. ಕವಿ ತನ್ನ ಧ್ವನಿಗೆ ಜಾರಿದ್ದಾನೆಯೇ ಎಂದು ಪರೀಕ್ಷಿಸಲು ಹಲವು ಸಲ ಇಷ್ಟೇ ಸಾಕು: ಈ ಸಾಲು ಒಂದನ್ನು ನೋಡುತ್ತಿದೆಯೋ, ಎಲ್ಲವನ್ನೂ ಒಟ್ಟುಗೂಡಿಸುತ್ತಿದೆಯೋ? ಮೇಲಿನ ನಾಲ್ಕು ಸಾಲುಗಳನ್ನು ಎತ್ತಿ ದೋಣಿಯ ಅಂಬಿಗನ ಕವಿತೆಯಲ್ಲಿ ಇಟ್ಟರೂ ನಡೆಯುತ್ತದೆ, ರೈಲಿನ ಕವಿತೆಯಲ್ಲಿ ಇಟ್ಟರೂ ನಡೆಯುತ್ತದೆ. ಹೀಗೆ ಎಲ್ಲಿಗೆ ಬೇಕಾದರೂ ಹೋಗಬಲ್ಲ ಸಾಲು ಕಂಡಕ್ಟರನ ಚೀಲದಿಂದ ಬಂದುದಲ್ಲ.

ಇಲ್ಲಿ ನ್ಯಾಯವಾದ ಆಕ್ಷೇಪವೊಂದು ಬರುತ್ತದೆ. ದುಡಿಯುವವನಿಗೆ ತತ್ತ್ವಚಿಂತನೆ ಸಲ್ಲದೆ? ಕಂಡಕ್ಟರ್ ಸಂಸಾರದ ಅಸಾರತೆಯನ್ನು ಯೋಚಿಸಬಾರದೆ? ಹಾಗೆ ಹೇಳುವುದು ಅವನಿಗೆ ಇನ್ನೂ ದೊಡ್ಡ ಅವಮಾನ. ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದು, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಾಲಾದ ಕೈವಾರದಲ್ಲಿ ಬಳೆ ಮಾರಿ ಬದುಕಿದ ನಾರಾಯಣಪ್ಪನವರು, ಜನ ಭಕ್ತಿಯಿಂದ ಕೈವಾರ ತಾತಯ್ಯನೆಂದು ಕರೆಯುವವರು, ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ತತ್ತ್ವಪದಗಳನ್ನು ಹಾಡಿದರು. ಬಳೆಗಾರನ ಬಾಯಲ್ಲಿ ತತ್ತ್ವ ಬರಲಾರದೆಂದು ಈ ಸೀಮೆಯಲ್ಲಿ ಯಾರೂ ಹೇಳಲಾರರು. ಆದರೆ ಆ ಪದಗಳು ಅವರವೇ, ಅವರ ಸಾಧನೆಯಿಂದ ಹುಟ್ಟಿದವು; ಮನೆಗೆ ಬಂದು ಬಳೆಗಾರನ ಹೆಸರಿನಲ್ಲಿ ಇನ್ನೊಬ್ಬ ಬರೆದುವಲ್ಲ. ಕಂಡಕ್ಟರನಿಗೂ ತತ್ತ್ವ ಬರಬಹುದು. ಬಂದರೆ ಅದು ಅವನ ದಿನದೊಳಗಿನಿಂದ, ಅವನ ಲೆಕ್ಕದೊಳಗಿನಿಂದ ಬರಬೇಕು. ಆ ಲೆಕ್ಕವೇನೆಂದು ಕವಿ ತಿಳಿಯದೆ ಅದು ಬರಲಾರದು.

ಲೆಕ್ಕ ಸುಲಭವಾದುದಲ್ಲ. ಪಾಳಿಗೆ ಹೊರಡುವ ಮೊದಲು ಕಂಡಕ್ಟರ್ ತನ್ನ ಜೇಬಿನಲ್ಲಿರುವ ಸ್ವಂತ ಹಣ ಎಷ್ಟೆಂದು ವೇ ಬಿಲ್‌ನಲ್ಲಿ ಬರೆಯಬೇಕು. ದಾರಿಯಲ್ಲಿ ತನಿಖೆಯವರು ಬಸ್ಸು ಹತ್ತಿ ಚೀಲವನ್ನು ಎಣಿಸಿದಾಗ ಹಣ ಕಡಿಮೆಯಿದ್ದರೆ ತಪ್ಪು. ಹೆಚ್ಚಿದ್ದರೂ ಪ್ರಶ್ನೆ, ಏಕೆಂದರೆ ಟಿಕೆಟ್ ಕೊಡದೆ ಹಣ ಪಡೆದನೆಂಬ ಸಂದೇಹ ಬರುತ್ತದೆ. ಮೊದಲು ಬಣ್ಣದ ಟಿಕೆಟ್ ಕಟ್ಟು ಮತ್ತು ಪಂಚು ಇದ್ದ ಕೈಗೆ ಈಗ ಯಂತ್ರ ಬಂದಿದೆ. 2023ರ ಜೂನ್ 11ರಿಂದ ರಾಜ್ಯದೊಳಗೆ ಮಹಿಳೆಯರಿಗೆ ಉಚಿತ ಪ್ರಯಾಣವಾದ ಮೇಲೆ ಅವರಿಗೆ ಶೂನ್ಯ ದರದ ಟಿಕೆಟ್ ಕೊಡಬೇಕು, ಅದಕ್ಕೆ ಮೊದಲು ವಿಳಾಸದ ಗುರುತಿನ ಚೀಟಿ ನೋಡಬೇಕು. ಆಂಧ್ರದ ಗಡಿಯಾದ ನಂಗಲಿಯ ದಾರಿಯಲ್ಲಿ ಆ ಚೀಟಿ ನೋಡುವ ಕೆಲಸ ಸಣ್ಣದಲ್ಲ. ಚಿಲ್ಲರೆಯಿಲ್ಲದಾಗ ಬಾಕಿ ಹಣವನ್ನು ಟಿಕೆಟ್ಟಿನ ಹಿಂಭಾಗದಲ್ಲಿ ಬರೆದುಕೊಡುವುದು ಹಳೆಯ ರೂಢಿ. ಹಳ್ಳಿಯಲ್ಲಿ ತಂಗುವ ಬಸ್ಸಾದರೆ, ಜನ ಅದನ್ನು ನೈಟ್ ಹಾಲ್ಟ್ ಎನ್ನುತ್ತಾರೆ, ಚಾಲಕನೂ ಕಂಡಕ್ಟರನೂ ಬಸ್ಸಿನಲ್ಲಿಯೇ ಮಲಗಿ ಬೆಳಗಿನ ಮೊದಲ ಟ್ರಿಪ್ಪಿಗೆ ಏಳುತ್ತಾರೆ. ದಿನದ ಹಣವನ್ನು ಡಿಪೋದಲ್ಲಿ ಕಟ್ಟುವವರೆಗೆ ಚೀಲ ಅವನ ಹೊಣೆ. ಅದು ತಲೆಯ ಕೆಳಗಿರುತ್ತದೆ.

ಇವನ್ನು ಅರಿಯದ ಕವಿ, ಮೊದಲ ಕರಡು ತೀರ ಗ್ರಾಂಥಿಕವಾಯಿತೆಂದು ಯಾರಾದರೂ ಹೇಳಿದಾಗ, ದೋಷವೆಲ್ಲ ಭಾಷೆಯಲ್ಲಿದೆಯೆಂದು ತಿಳಿಯುತ್ತಾನೆ. ಎರಡನೆಯ ಕರಡು ಹೀಗಾಗುತ್ತದೆ:

ಏನ್ ಸಾಮಿ ಮಾಡಾದು ನಮ್ ಬದುಕು,
ನಾಯಿಪಾಡಾಗೋಯ್ತು ನೋಡ್ರಪ್ಪೋ;
ಬಡವ ನಾನು, ದಣಿದು ಸುಣ್ಣಾದೆ,
ನಮ್ಮಂತೋರ್ಗೆ ಯಾರವ್ರೆ ದಿಕ್ಕು.

ಗ್ರಾಂಥಿಕತೆ ಹೋಯಿತು, ಆದರೆ ಕಂಡಕ್ಟರ್ ಬರಲಿಲ್ಲ. ಇದು ನಾಟಕದ ಕಂಪನಿಯ ಹಾಸ್ಯಪಾತ್ರದ ಭಾಷೆ. ಕೋಲಾರದ ಕಂಡಕ್ಟರನು ಒಬ್ಬರಿಗೆ ಕನ್ನಡದಲ್ಲಿ, ಮುಂದಿನ ಸೀಟಿನವರಿಗೆ ತೆಲುಗಿನಲ್ಲಿ, ಅಗತ್ಯ ಬಿದ್ದರೆ ತಮಿಳಿನಲ್ಲಿಯೂ ಉತ್ತರ ಕೊಡುತ್ತಾನೆ. ಎದುರಿನವರು ಯಾರೆಂದು ನೋಡಿ ಭಾಷೆಯನ್ನೂ ಗೌರವವನ್ನೂ ಕ್ಷಣದಲ್ಲಿ ಬದಲಿಸುವ ಚತುರತೆ ಅವನದು. ಇಡೀ ಕವಿತೆಗೆ ಒಂದೇ ಒರಟುತನವನ್ನು ಬಳಿದರೆ ಆ ಚತುರತೆಯೇ ಅಳಿಸಿಹೋಗುತ್ತದೆ. ಕವಿಗೆ ನಗಿಸುವ ಉದ್ದೇಶವಿರಲಿಲ್ಲ. ಆದರೂ ಸಭೆ ನಗುತ್ತದೆ. ಆಗ ಮಾತು ಅಮೃತಚಂದ್ರರ ನಾಲ್ಕನೆಯ ಬಗೆಯ ಸಮೀಪಕ್ಕೆ ಸರಿಯಿತೆಂದೇ ತಿಳಿಯಬೇಕು.

ಈ ಕರಡಿನಲ್ಲಿ ಅದಕ್ಕಿಂತ ಒಳಗಿನ ದೋಷವೊಂದಿದೆ. 'ಬಡವ', 'ದಣಿದೆ', 'ನಮ್ಮಂತೋರು' ಎಂಬ ಪದಗಳು ನೋಡುವವನ ಪದಗಳು. ಕವಿ ಕಂಡಕ್ಟರನನ್ನು ನೋಡಿ ಅಯ್ಯೋ ಪಾಪ ಎಂದುಕೊಂಡಿದ್ದ. ಆ ಮರುಕವನ್ನು ಕಂಡಕ್ಟರನ ಬಾಯಿಗೆ ಹಾಕಿ ತಿರುಗಿ ತಾನೇ ಕೇಳಿಸಿಕೊಳ್ಳುತ್ತಿದ್ದಾನೆ. ನಿಜವಾಗಿ ಸೋತವನು ತಾನು ಸೋತೆನೆಂದು ಛಂದಸ್ಸಿನಲ್ಲಿ ವಿವರಿಸುವುದಿಲ್ಲ. ದಣಿವು ಬೇರೆ ರೀತಿಯಲ್ಲಿ ಹೊರಬೀಳುತ್ತದೆ. ಟಿಕೆಟ್ ಪಡೆದವರನ್ನೇ ಮತ್ತೊಮ್ಮೆ ಕೇಳುವುದರಲ್ಲಿ, ಒಂದೇ ಮಾತನ್ನು ಅರ್ಥ ಸವೆಯುವವರೆಗೆ ಹೇಳುವುದರಲ್ಲಿ, ವಾಕ್ಯಗಳು ಚಿಕ್ಕದಾಗುವುದರಲ್ಲಿ, ಯಾವುದೋ ಒಂದು ಅಲ್ಪ ವಿಷಯ ತಲೆಯಿಂದ ಹೋಗದೆ ಉಳಿಯುವುದರಲ್ಲಿ ಅದು ಕಾಣುತ್ತದೆ. ಕವಿ ದಣಿವೆಂಬ ಪದವನ್ನೇ ತೆಗೆದುಹಾಕಿದರೆ ದಣಿವು ಕಾಣಿಸಿಕೊಳ್ಳಲು ಎಡೆ ದೊರೆಯುತ್ತದೆ.

ಈ ಎರಡು ಕರಡುಗಳನ್ನೂ ಹರಿದು, ಕೆಲವು ರಾತ್ರಿ ಬಸ್ಸಿನಲ್ಲಿ ಕಿಟಕಿಯ ಬಳಿ ಕೂರದೆ ಹಿಂದಿನ ಬಾಗಿಲ ಹತ್ತಿರ ನಿಂತು, ಕಂಡಕ್ಟರ್ ಏನು ಮಾಡುತ್ತಾನೆಂಬುದನ್ನು ಮಾತ್ರ ಗಮನಿಸಿದ ಮೇಲೆ ಅದೇ ಕವಿ ಮೂರನೆಯದನ್ನು ಹೀಗೆ ಬರೆಯಬಹುದು:

ಮುಂದಕ್ಕೆ ಹೋಗಿ. ಮುಂದೆ ಜಾಗ ಇದೆ.
ನಿಮ್ದು ಟಿಕೆಟ್ ಆಯ್ತಾ? ಆಯ್ತು ಅಂತೀರ. ಸರಿ.
ಮುಳಬಾಗಿಲು. ಇಳಿಯೋರು ಇಳೀರಿ.
ಬಿಳಿ ಪಂಚೆ ಯಜಮಾನರಿಗೆ ಎರಡು ರೂಪಾಯಿ ಕೊಡಬೇಕಿತ್ತು,
ಟಿಕೆಟ್ ಹಿಂದೆ ಬರೆದೂ ಕೊಟ್ಟಿದ್ದೆ.
ಕೇಳದೆ ಇಳಿದುಬಿಟ್ಟರು.
ಊರು ಬಂತು. ಲೈಟು ಆರಿಸಿದರು.
ಚೀಲ ತಲೆ ಕೆಳಗಿದೆ. ಎಣಿಸಿದೆ.
ಎರಡು ರೂಪಾಯಿ ಜಾಸ್ತಿ.

ಇದು ಶ್ರೇಷ್ಠ ಕವಿತೆಯೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಇಲ್ಲಿ ಮಾತನಾಡುತ್ತಿರುವವನು ಕಂಡಕ್ಟರ್. ಮೊದಲ ಮೂರು ಸಾಲುಗಳಲ್ಲಿ ಅವನು ಯಾರೊಡನೆ ಮಾತನಾಡುತ್ತಿದ್ದಾನೆಂಬುದು ಸ್ಪಷ್ಟವಾಗಿದೆ: ಬಾಗಿಲಲ್ಲಿ ನಿಂತವರೊಡನೆ, ಎರಡನೆಯ ಸಲ ಕೇಳಿಸಿಕೊಂಡ ಪ್ರಯಾಣಿಕನೊಡನೆ, ಇಳಿಯುವವರೊಡನೆ. ನಾಲ್ಕನೆಯ ಸಾಲಿನಿಂದ ಕೇಳುವವರು ಇಲ್ಲವಾಗಿ, ಮಾತು ಒಳಕ್ಕೆ ತಿರುಗಿದೆ. ಮೊದಲ ಕರಡಿನಲ್ಲಿ ಕಂಡಕ್ಟರ್ ಯಾರೊಡನೆ ಮಾತನಾಡುತ್ತಿದ್ದನೆಂದು ಕೇಳಿದರೆ ಉತ್ತರವಿರಲಿಲ್ಲ. ಅವನು ಕವಿಗೋಷ್ಠಿಯ ಸಭಿಕರೊಡನೆ ಮಾತನಾಡುತ್ತಿದ್ದ. ಈ ಪ್ರಶ್ನೆಯೊಂದನ್ನು ಪ್ರತಿ ಸಾಲಿಗೂ ಹಾಕಿದರೆ ಜಾರಿದ ಸ್ಥಳ ತಾನಾಗಿ ಕೈಗೆ ಸಿಗುತ್ತದೆ. 'ದಣಿವು' ಎಂಬ ಪದ ಇಲ್ಲಿ ಎಲ್ಲಿಯೂ ಇಲ್ಲ. 'ಯಜಮಾನರು' ಎಂಬ ಗೌರವದ ಮಾತು, ಅವರು ಇಳಿದುಹೋದ ಮೇಲೆಯೂ, ಯಾರೂ ಕೇಳದಿರುವಾಗಲೂ ಉಳಿದಿದೆ. ಕವಿ ಅವನನ್ನು ಸಜ್ಜನನೆಂದು ಹೊಗಳುವ ಅಗತ್ಯವನ್ನು ಆ ಒಂದು ಪದ ತಪ್ಪಿಸಿದೆ.

ಆದರೆ ಅಪಾಯ ಇನ್ನೂ ಮುಗಿದಿಲ್ಲ. ನಿಜಕ್ಕೂ ಹೇಳುವುದಾದರೆ ದೊಡ್ಡ ಅಪಾಯ ಈಗಲೇ ಬರುವುದು. ಕವಿತೆಯನ್ನು ಓದುವ ಶ್ರಾವಕನಿಗೆ ಕೊನೆಯ ಸಾಲು ಕೇಳಿದೊಡನೆ ಅಚೌರ್ಯ ವ್ರತ ನೆನಪಾಗುತ್ತದೆ. ಕೊಡದುದನ್ನು ಪಡೆಯುವುದು ಅದತ್ತಾದಾನ. ಆ ಎರಡು ರೂಪಾಯಿಯನ್ನು ಯಾರೂ ಕಂಡಕ್ಟರನಿಗೆ ಕೊಟ್ಟಿಲ್ಲ, ಅವನೂ ಅದನ್ನು ತೆಗೆದುಕೊಳ್ಳಬೇಕೆಂದು ತೆಗೆದುಕೊಂಡಿಲ್ಲ. ಆದರೂ ಅದು ಅವನ ತಲೆಯ ಕೆಳಗಿದೆ. ಕವಿಗೂ ಇದು ಹೊಳೆದಿರುತ್ತದೆ, ಅವನೂ ಶ್ರಾವಕನೇ. ಹತ್ತನೆಯ ಸಾಲೊಂದನ್ನು ಸೇರಿಸಿ, ಕೊಡದುದು ತಲೆಗೆ ಕಲ್ಲಾಗಿ ಒತ್ತುತ್ತಿದೆ ಎಂಬಂತಹ ಮಾತನ್ನು ಹೇಳಿಸಲು ಅವನ ಕೈ ತುಡಿಯುತ್ತದೆ. ಆ ಸಾಲು ಬಂದ ಕ್ಷಣ ಕಂಡಕ್ಟರ್ ಮತ್ತೆ ಬಸ್ಸಿನಿಂದ ಇಳಿದುಹೋಗುತ್ತಾನೆ. ಎರಡು ರೂಪಾಯಿ ಹೆಚ್ಚಿರುವುದು ಅವನಿಗೆ ಏಕೆ ನಿದ್ದೆ ಕೆಡಿಸಿದೆ ಎಂಬುದನ್ನು ಕವಿತೆ ಹೇಳಿಲ್ಲ. ಆ ಯಜಮಾನರ ಮುಖ ನೆನಪಾಗಿಯೇ, ಬೆಳಗ್ಗೆ ತನಿಖೆಯವರು ಹತ್ತಿದರೆ ಉತ್ತರ ಹೇಳಬೇಕೆಂಬ ಭಯದಿಂದಲೇ, ಅಥವಾ ಲೆಕ್ಕ ಕೂಡಲಿಲ್ಲವೆಂಬ ಬರಿಯ ವೃತ್ತಿಯ ಕಿರಿಕಿರಿಯಿಂದಲೇ? ಬಹುಶಃ ಅವನಿಗೂ ತಿಳಿಯದು. ಭಯವೆಂದು ಒಬ್ಬ ಓದುಗ ತಿಳಿಯಬಹುದು, ಧರ್ಮವೆಂದು ಇನ್ನೊಬ್ಬ ತಿಳಿಯಬಹುದು. ಕವಿ ಧರ್ಮವೆಂದು ತೀರ್ಮಾನಿಸಿ ಬರೆದುಬಿಟ್ಟರೆ, ಅವನು ಕಂಡಕ್ಟರನಿಗೆ ಒಂದು ಸದ್ಗುಣವನ್ನು ದಾನ ಮಾಡಿದಂತೆ ಕಂಡರೂ, ಅವನ ಅಂತರಂಗವನ್ನು ಅವನು ಕೊಡದೆಯೇ ತೆಗೆದುಕೊಂಡಂತಾಯಿತು. ಎರಡು ರೂಪಾಯಿಯ ಅದತ್ತಾದಾನವನ್ನು ಕುರಿತು ಬರೆಯಹೊರಟವನು ಅದಕ್ಕಿಂತ ದೊಡ್ಡದನ್ನು ಮಾಡಿದನೆಂದು ಹೇಳಬೇಕಾಗುತ್ತದೆ.

ಒಳ್ಳೆಯವನನ್ನಾಗಿ ಚಿತ್ರಿಸುವುದರಲ್ಲಿ ಹಾನಿಯೇನೆಂದು ಕೇಳುವವರುಂಟು. ಧಾರ್ಮಿಕ ಪತ್ರಿಕೆಗಳಲ್ಲಿ ಬರುವ ಇಂತಹ ಕವಿತೆಗಳಲ್ಲಿ ರೈತ, ಹಮಾಲಿ, ಕಂಡಕ್ಟರ್ ಎಲ್ಲರೂ ಒಳ್ಳೆಯವರಾಗಿಯೇ ಇರುತ್ತಾರೆ. ಒಬ್ಬನೂ ಸಿಡುಕುವುದಿಲ್ಲ, ಒಬ್ಬನೂ ಚಿಲ್ಲರೆಯ ವಿಷಯದಲ್ಲಿ ಮರೆತಂತೆ ನಟಿಸುವುದಿಲ್ಲ. ಹೀಗೆ ಎಲ್ಲರೂ ಒಂದೇ ಆದಾಗ ಅವರ ವೃತ್ತಿಯ ಹೆಸರು ಮಾತ್ರ ಬೇರೆಯಾಗಿ, ಒಳಗೆ ಮಾತನಾಡುವವನು ಕವಿಯೊಬ್ಬನೇ ಆಗಿರುತ್ತಾನೆ. ಅನೇಕಾಂತವನ್ನು ವೇದಿಕೆಯ ಮೇಲೆ ವಿವರಿಸಿ, ಕವಿತೆಯಲ್ಲಿ ಎಲ್ಲ ಬಾಯಿಗಳಿಂದಲೂ ತನ್ನ ಒಂದೇ ಅಂತವನ್ನು ನುಡಿಸುವುದು ವಿಚಿತ್ರವಾದ ವಿರೋಧ. ಮಾಸ್ತಿಯವರ ಮಂಗಮ್ಮ ಮೊಮ್ಮಗನ ಮೇಲಿನ ಪ್ರೀತಿಯಿಂದ ಕರಗಿದವಳು. ಸೊಸೆಯ ಮೇಲೆ ಹಟ ಸಾಧಿಸಿದವಳೂ ಅವಳೇ. ಎರಡನ್ನೂ ಅವಳಿಗೆ ಬಿಟ್ಟುದರಿಂದ ಅವಳು ಇಂದಿಗೂ ಬೀದಿಯಲ್ಲಿ ಮೊಸರು ತಂದಂತೆ ಕಾಣುತ್ತಾಳೆ.

ಕೋಲಾರದ ಕವಿಗೆ ಇನ್ನೊಂದು ಕೆಲಸ ಉಳಿದಿದೆ, ಅದು ಮೇಜಿನ ಮುಂದೆ ಆಗುವ ಕೆಲಸವಲ್ಲ. ಹಾಗೆ ಉಳಿದ ಎರಡು ರೂಪಾಯಿಯನ್ನು ಕಂಡಕ್ಟರರು ಮರುದಿನ ಏನು ಮಾಡುತ್ತಾರೆ? ಡಿಪೋದಲ್ಲಿ ಹಣದೊಡನೆ ಕಟ್ಟಿಬಿಡುತ್ತಾರೆಯೇ, ಚಿಲ್ಲರೆ ಕಡಿಮೆ ಬಿದ್ದ ಇನ್ನೊಂದು ದಿನಕ್ಕೆ ಸರಿದೂಗಿಸಿಕೊಳ್ಳುತ್ತಾರೆಯೇ, ಚಹಾ ಕುಡಿಯುತ್ತಾರೆಯೇ, ಆ ಯಜಮಾನರು ಮತ್ತೆ ಹತ್ತಿದರೆ ಕರೆದು ಕೊಡುತ್ತಾರೆಯೇ? ಇದನ್ನು ಕವಿ ಊಹಿಸಬಾರದು. ಬಸ್ ನಿಲ್ದಾಣದಲ್ಲಿ, ಬಸ್ಸು ಹೊರಡಲು ಹತ್ತು ನಿಮಿಷವಿರುವಾಗ, ಒಬ್ಬರಲ್ಲದಿದ್ದರೆ ಮೂವರನ್ನು ಕೇಳಬೇಕು. ಉತ್ತರಗಳು ಒಂದೇ ಆಗಿರುವುದಿಲ್ಲ. ಕೇಳಿದವನು ಯಾರೆಂದು ನೋಡಿ ಉತ್ತರ ಬದಲಾಗುವುದೂ ಉಂಟು, ಅದನ್ನೂ ಗುರುತು ಹಾಕಿಕೊಳ್ಳಬೇಕು. ಆಮೇಲೆ ಒಂಬತ್ತನೆಯ ಸಾಲು ಹಾಗೆಯೇ ನಿಲ್ಲಬಹುದು, ಅಥವಾ ಅದರ ಕೆಳಗೆ ಕಂಡಕ್ಟರ್ ಬಾಯಿಂದಲೇ ಬಂದ ಇನ್ನೊಂದು ಸಾಲು ಸೇರಬಹುದು.